ರಾಜ್ಯೋತ್ಸವದ ಪತ್ರ ಕಳಿಸುವ ಮುನ್ನ: ಕೊನೆಯ ಓದಿನ ಪಟ್ಟಿ

ಪತ್ರ ವಿಭಾಗದ ಗೆಳೆಯರಿಗೆ,

ಈ ಸಲ, ಅಂದರೆ 2026ರಲ್ಲಿ, ನವೆಂಬರ್ 1 ಭಾನುವಾರ ಬಂದಿದೆ. ಪತ್ರಗಳೆಲ್ಲ ಅಕ್ಟೋಬರ್ 5, ಸೋಮವಾರ ಬೆಳಿಗ್ಗೆ ಪುಣೆಯಿಂದ ಹೊರಡಬೇಕು. ಅತಿಥಿಗಳ ಆಹ್ವಾನ, ಸ್ಮರಣ ಸಂಚಿಕೆಯ ಜಾಹೀರಾತು ಮನವಿ, ಸಭಾಂಗಣದವರಿಗೆ ಪತ್ರ, ಧ್ವನಿವರ್ಧಕದ ಅನುಮತಿಗೆ ಪೊಲೀಸ್ ಠಾಣೆಗೆ ಅರ್ಜಿ, ಎಲ್ಲದರ ಕರಡೂ ಮುಗಿದಿದೆ. ಇನ್ನು ಯಾರೂ ವಾಕ್ಯ ಚಂದ ಮಾಡಲು ಕೂರಬೇಡಿ. ಈ ಪಟ್ಟಿ ಪಕ್ಕಕ್ಕಿಟ್ಟುಕೊಂಡು ಓದಿ, ಟಿಕ್ ಹಾಕಿ, ಸಹಿ ಮಾಡಿ. ಬರೆದವರೇ ಕೊನೆಯ ಓದು ಓದುವುದು ಬೇಡ, ಇನ್ನೊಬ್ಬರು ಓದಲಿ. ಮೊಬೈಲಿನಲ್ಲಿ ಅಲ್ಲ, ಪ್ರಿಂಟ್ ತೆಗೆದು ಪೆನ್ನು ಹಿಡಿದು.

ಹೆಸರು

ಹೆಚ್ಚು ಹೊತ್ತು ಇಲ್ಲೇ ಕಳೆಯಿರಿ. ಪತ್ರ ತೆರೆದವರು ಮೊದಲು ನೋಡುವುದು ತಮ್ಮ ಹೆಸರನ್ನೇ.

☐ ಸಂಬೋಧನೆಯಲ್ಲಿ ಬಂದಿರುವುದು ಅವರ ಹೆಸರೋ, ಅವರ ತಂದೆಯ ಹೆಸರೋ? ಇಲ್ಲಿಯವರು ತಮ್ಮ ಹೆಸರು, ತಂದೆಯ ಹೆಸರು, ಅಡ್ಡಹೆಸರು ಅಂತ ಸಾಲಾಗಿ ಬರೆಯುತ್ತಾರೆ. ನಮ್ಮ ಕಡೆಯವರಲ್ಲಿ ಎಷ್ಟೋ ಜನಕ್ಕೆ ಇನಿಶಿಯಲ್ ಮೊದಲು, ಹೆಸರು ಕೊನೆಗೆ. ನಮ್ಮ ಎಕ್ಸೆಲ್ ಪಟ್ಟಿಯಲ್ಲಿ ಎರಡೂ ಥರದವರು ಬೆರೆತಿದ್ದಾರೆ. ಮೇಲ್ ಮರ್ಜ್ ಮಾಡಿದಾಗ ‘ಸುನೀಲ್ ಗೋವಿಂದ ಜೋಶಿ’ ಅವರಿಗೆ ‘ಮಾನ್ಯ ಗೋವಿಂದ ಅವರೇ’ ಅಂತ ಹೋದರೆ ಏನು ಗತಿ? ತೀರಿಹೋದ ಅಪ್ಪನನ್ನು ಕಾರ್ಯಕ್ರಮಕ್ಕೆ ಕರೆದ ಹಾಗಾಗುತ್ತದೆ. ಆ ಕಾಲಮ್ ಒಂದನ್ನೇ ಮೇಲಿಂದ ಕೆಳಗೆ ಬೆರಳಿಟ್ಟು ಓದಿ.

☐ ಶೆಟ್ಟಿ, ಶೇಟ್, ಶೇಟ್ಯೆ ಮೂರೂ ಬೇರೆ. ಮೊದಲೆರಡು ಅಕ್ಷರ ಹೊಡೆದರೆ ಫೋನು ತಾನೇ ‘ಶೆಟ್ಟಿ’ ತುಂಬಿಬಿಡುತ್ತದೆ. ಗೋವಾದಿಂದ ಬರುವ ಅತಿಥಿಯ ಹೆಸರನ್ನು ಅವರದೇ ಲೆಟರ್‌ಹೆಡ್ ನೋಡಿ ಬರೆಯಿರಿ. ಪಾಟೀಲ, ಪಾಟೀಲ್ ಕೂಡ ಹಾಗೇ. ಅವರು ಹೇಗೆ ಬರೆದುಕೊಳ್ಳುತ್ತಾರೋ ಹಾಗೆ. ನಮ್ಮ ವ್ಯಾಕರಣ ಅಲ್ಲಿ ನಡೆಯುವುದಿಲ್ಲ.

☐ ಹೆಂಗಸರ ಹೆಸರಿನ ಹಿಂದೆ ಸುಮ್ನೆ ‘ಶ್ರೀಮತಿ’ ಅಂಟಿಸಿಲ್ಲ ತಾನೇ? ಡಾಕ್ಟರ್ ಆಗಿದ್ದರೆ ‘ಡಾ.’ ಇರಲಿ.

☐ ಹಳೆಯ ದಾನಿಗಳ ಪಟ್ಟಿಯನ್ನು ನಮ್ಮ ಖಜಾಂಚಿ ಮಾಮಾಗೆ ಒಮ್ಮೆ ತೋರಿಸಿ. ಈ ವರ್ಷ ಯಾರು ಹೋದರು, ಯಾರು ಮಗನ ಮನೆಗೆ ಬೆಂಗಳೂರಿಗೆ ಹೋದರು, ಯಾವ ಅಣ್ಣತಮ್ಮಂದಿರು ಈಗ ಬೇರೆ ಬೇರೆ, ಎಲ್ಲ ಅವರಿಗೆ ಗೊತ್ತು. ಯಾವ ಎಕ್ಸೆಲ್‌ನಲ್ಲೂ ಅದು ಸಿಗುವುದಿಲ್ಲ.

☐ ಊರಿನ ಹೆಸರು ಹೊಸದಾಗಿದೆಯಾ? ಅಹ್ಮದ್‌ನಗರ ಈಗ ಅಹಿಲ್ಯಾನಗರ, ಔರಂಗಾಬಾದ್ ಈಗ ಛತ್ರಪತಿ ಸಂಭಾಜಿನಗರ. ನಮ್ಮ ಬೆಳಗಾವಿ, ಕಲಬುರಗಿ 2014ರಿಂದಲೇ ಬದಲಾಗಿವೆ, ಆದರೂ ಪಟ್ಟಿಯಲ್ಲಿ ಬೆಳಗಾಂ, ಗುಲ್ಬರ್ಗ ಇನ್ನೂ ಕೂತಿವೆ.

ಅಂಕಿ

☐ ಎಲ್ಲ ಪತ್ರದಲ್ಲೂ ಒಂದೇ ದಿನ, ಒಂದೇ ವಾರ, ಒಂದೇ ವೇಳೆ: ನವೆಂಬರ್ 1, ಭಾನುವಾರ, ಸಂಜೆ 5ರಿಂದ 9:30. ಹಳೇ ಕಡತದ ಮೇಲೆ ತಿದ್ದಿ ಮಾಡಿದ ಪತ್ರ ಇದು. ತಾರೀಖು ಬದಲಾಗಿ ‘ಶನಿವಾರ’ ಹಾಗೇ ಉಳಿದಿರುವ ಸಾಧ್ಯತೆ ಜಾಸ್ತಿ, ಹೋದ ವರ್ಷ ನವೆಂಬರ್ 1 ಶನಿವಾರವಿತ್ತು. ಠಾಣೆಯ ಅರ್ಜಿಯಲ್ಲೂ 9:30 ಎಂದೇ ಇರಬೇಕು. ರಾತ್ರಿ 10ರ ನಂತರ ಧ್ವನಿವರ್ಧಕಕ್ಕೆ ನಿರ್ಬಂಧವಿದೆ. ಆಹ್ವಾನದಲ್ಲಿ ಒಂದು, ಅರ್ಜಿಯಲ್ಲಿ ಇನ್ನೊಂದು ಇದ್ದರೆ ಉತ್ತರ ಕೊಡುತ್ತಾ ನಿಲ್ಲಬೇಕಾಗುತ್ತದೆ.

☐ ಖರ್ಚಿನ ಅಂದಾಜನ್ನು ಕ್ಯಾಲ್ಕುಲೇಟರಿನಲ್ಲಿ ಹೊಸದಾಗಿ ಕೂಡಿ. ಊಟ 400 ಜನಕ್ಕೆ ತಲಾ 320ರಂತೆ 1,28,000. ಸಭಾಂಗಣ 65,000. ಧ್ವನಿ, ಬೆಳಕು 48,000. ಸ್ಮರಣ ಸಂಚಿಕೆ 72,000. ಕಲಾವಿದರ ಪ್ರಯಾಣ, ವಸತಿ 57,000. ಒಟ್ಟು 3,70,000 ಬರಬೇಕು. ಅಕ್ಷರದಲ್ಲೂ ‘ಮೂರು ಲಕ್ಷ ಎಪ್ಪತ್ತು ಸಾವಿರ’ ಎಂದೇ ಇದೆಯಾ ನೋಡಿ. ಊಟದ ಸಂಖ್ಯೆ ಬದಲಿಸಿದವರು ಒಟ್ಟು ಮೊತ್ತ ಬದಲಿಸುವುದನ್ನು ಮರೆಯುತ್ತಾರೆ.

☐ ಜಾಹೀರಾತು ದರ: ಪೂರ್ತಿ ಪುಟ 10,000, ಅರ್ಧ ಪುಟ 6,000. ಮನವಿಯಲ್ಲೂ ಫಾರಂನಲ್ಲೂ ಒಂದೇ.

☐ ಬ್ಯಾಂಕಿನ ವಿವರವನ್ನು ಪಾಸ್‌ಬುಕ್ ಇಟ್ಟುಕೊಂಡು ಒಬ್ಬರು ಜೋರಾಗಿ ಓದಲಿ, ಇನ್ನೊಬ್ಬರು ಪತ್ರ ನೋಡಲಿ. ಐಎಫ್‌ಎಸ್‌ಸಿ ಒಟ್ಟು 11 ಅಕ್ಷರ, ಐದನೆಯದು ಯಾವಾಗಲೂ ಸೊನ್ನೆ. ಅಲ್ಲಿ ಇಂಗ್ಲಿಷ್ ‘ಓ’ ಬಿದ್ದಿದ್ದರೆ ದುಡ್ಡು ಬರುವುದಿಲ್ಲ, ಬರೀ ಫೋನು ಬರುತ್ತದೆ.

☐ ಮರಾಠಿಯಲ್ಲಿ ಕೈಬರಹದಲ್ಲಿ ತುಂಬಿದ ಚೀಟಿಯಿಂದ ಫೋನ್ ನಂಬರ್ ಇಳಿಸಿಕೊಂಡಿದ್ದರೆ ಇನ್ನೊಮ್ಮೆ ನೋಡಿ. ದೇವನಾಗರಿಯ ಒಂದು, ನಮ್ಮ ಕಣ್ಣಿಗೆ ಇಂಗ್ಲಿಷಿನ 9ರ ಹಾಗೆ ಕಾಣುತ್ತದೆ. ಅನುಮಾನ ಬಂದರೆ ಫೋನ್ ಮಾಡಿಯೇ ಬಿಡಿ.

☐ ಪಿನ್ ಕೋಡ್: ಪುಣೆ 411, ಮುಂಬೈ 400, ಗೋವಾ 403ರಿಂದ ಶುರು. ಕೊಥರೂಡ್ 411038.

☐ ಉತ್ತರಕ್ಕೆ ಕೊನೆಯ ದಿನ ಅಕ್ಟೋಬರ್ 17. ಇದನ್ನು ಮುಂದೂಡಬೇಡಿ. ನವೆಂಬರ್ 8ಕ್ಕೆ ದೀಪಾವಳಿ, ಅಂಗಡಿಯವರು ಅದಕ್ಕೂ ಮೊದಲೇ ಕೈಗೆ ಸಿಗುವುದಿಲ್ಲ.

ಲಗತ್ತು

☐ ‘ಇದರೊಂದಿಗೆ ಲಗತ್ತಿಸಿದೆ’ ಎಂದು ಬರೆದ ಕಡೆಯೆಲ್ಲ ಪೆನ್ನಿನಲ್ಲಿ ಗೆರೆ ಎಳೆಯಿರಿ. ಎಷ್ಟು ಗೆರೆಯೋ ಅಷ್ಟು ಫೈಲ್ ಇರಬೇಕು. ಜಾಹೀರಾತು ಮನವಿಗೆ ಎರಡು: ದರಪಟ್ಟಿ ಮತ್ತು ಫಾರಂ.

☐ ನುಡಿಯಲ್ಲಿ ಟೈಪ್ ಮಾಡಿದ ಹಳೇ ವರ್ಡ್ ಫೈಲನ್ನು ಹಾಗೇ ಕಳಿಸಬೇಡಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಕಾಗೆ ಕಾಲು ಗುಬ್ಬಿ ಕಾಲು. ಪಿಡಿಎಫ್ ಮಾಡಿ, ಇನ್ನೊಬ್ಬರ ಫೋನಿನಲ್ಲಿ ತೆರೆದು, ಒತ್ತಕ್ಷರ ಸರಿ ಕಾಣುತ್ತಿದೆಯಾ ನೋಡಿ.

☐ ಫೈಲಿನ ಹೆಸರು `Rajyotsava_2026_Ahvana.pdf`. `final_final_new2.pdf` ಅಲ್ಲ.

☐ ದಾನಿಗಳ ಎಕ್ಸೆಲ್ ಯಾರಿಗೂ ಹೋಗಕೂಡದು. ಯಾರು ಎಷ್ಟು ಕೊಟ್ಟರು ಅನ್ನುವುದು ಅದರ ಎರಡನೇ ಶೀಟಿನಲ್ಲಿದೆ.

☐ ಜೀಮೇಲ್‌ನಲ್ಲಿ 25 ಎಂಬಿ ದಾಟಿದರೆ ಫೈಲ್ ಹೋಗಿ ಡ್ರೈವ್ ಲಿಂಕ್ ಬರುತ್ತದೆ. ಹಿರಿಯ ಅತಿಥಿಗಳಿಗೆ ಲಿಂಕ್ ಬೇಡ, ಫೋಟೋ ಸಣ್ಣದು ಮಾಡಿ.

ಧಾಟಿ

☐ ಒಂದು ಪತ್ರದಲ್ಲಿ ‘ತಾವು’ ಅಥವಾ ‘ನೀವು’, ಒಂದೇ. ‘ತಾವು ಬರಬೇಕು, ನಿಮ್ಮ ಕುಟುಂಬವೂ’ ಅಂತ ಬೆರೆಸಬೇಡಿ.

☐ ಹೋದ ವರ್ಷದ ಜಾಹೀರಾತಿನ ದುಡ್ಡು ಇನ್ನೂ ಕೊಡದವರ ಪತ್ರವನ್ನು ಇಬ್ಬರು ಓದಲೇಬೇಕು. ಈಗ ಕರಡಿನಲ್ಲಿರುವುದು: ‘ಹಲವು ಬಾರಿ ನೆನಪಿಸಿದರೂ ತಾವು ಗಮನ ಕೊಟ್ಟಿಲ್ಲ.’ ಇದನ್ನು ತೆಗೆಯಿರಿ. ಬದಲಿಗೆ: ‘ಕಳೆದ ಸಂಚಿಕೆಯ 6,000 ರೂಪಾಯಿ ಬಾಕಿ ಇದೆ. ಈ ತಿಂಗಳೊಳಗೆ ಕಳಿಸಿಕೊಟ್ಟರೆ ಲೆಕ್ಕ ಮುಗಿಸಲು ಅನುಕೂಲ.’ ಮೊತ್ತ ಇದೆ, ಗಡುವು ಇದೆ, ಚುಚ್ಚುಮಾತಿಲ್ಲ. ನಾಳೆ ಕರ್ವೆ ರಸ್ತೆಯಲ್ಲಿ ಎದುರಾದರೂ ನಕ್ಕು ಮಾತಾಡಬಹುದು.

☐ ನಗರಸೇವಕರಿಗೆ ಮತ್ತು ಠಾಣೆಗೆ ಹೋಗುವ ಮರಾಠಿ ಪತ್ರಗಳನ್ನು ಮರಾಠಿಯೇ ಮನೆಮಾತಾದ ಒಬ್ಬರು ಓದಲಿ. ನಮ್ಮ ಮರಾಠಿ ಬಾಯಿಗೆ ಸಾಕು, ಅರ್ಜಿಗೆ ಸಾಲದು. ನಾಡು, ನುಡಿಯ ಬಗ್ಗೆ ವೇದಿಕೆಗೆ ಬರೆದ ಸಾಲುಗಳು ಅಲ್ಲಿಗೆ ನುಸುಳಿಲ್ಲ ತಾನೇ? ಗಡಿಯ ವಿಷಯಕ್ಕೆ ಅಂಟುವ ಒಂದು ಪದವೂ ಅರ್ಜಿಯಲ್ಲಿ ಬೇಡ. ನಾವು ಕೇಳುತ್ತಿರುವುದು ಮೈಕಿಗೆ ಅನುಮತಿ, ಅಷ್ಟೇ.

☐ ಆಶ್ಚರ್ಯಸೂಚಕ ಚಿಹ್ನೆ, ಕೈಮುಗಿಯುವ ಇಮೋಜಿ ವಾಟ್ಸಾಪ್‌ಗೆ ಇರಲಿ.

ಕಳಿಸುವಾಗ

ವಿಳಾಸದ ಜಾಗವನ್ನು ಕೊನೆಗೆ ತುಂಬಿ. ಅದು ಖಾಲಿ ಇದ್ದರೆ ಅರೆಬರೆ ಪತ್ರ ಕೈತಪ್ಪಿ ಹೋಗುವ ಭಯವಿಲ್ಲ. ಗುಂಪಿಗೆ ಕಳಿಸುವುದಾದರೆ ವಿಳಾಸಗಳೆಲ್ಲ `Bcc` ಸಾಲಿನಲ್ಲಿ. ಜೀಮೇಲ್ ಸೆಟ್ಟಿಂಗ್‌ನಲ್ಲಿ `Undo Send` ಅನ್ನು 30 ಸೆಕೆಂಡಿಗೆ ಇಡಿ, ಅದಕ್ಕಿಂತ ಜಾಸ್ತಿ ಸಿಗುವುದಿಲ್ಲ. ಮೊದಲು ನಮ್ಮ ಕಚೇರಿ ವಿಳಾಸಕ್ಕೇ ಒಂದು ಪ್ರತಿ ಕಳಿಸಿ, ಲಗತ್ತು ತೆರೆದು ನೋಡಿ, ಆಮೇಲೆ ಉಳಿದವರಿಗೆ. ಟಿಕ್ ಹಾಕಿದ ಹಾಳೆ ಭಾನುವಾರ ಸಂಜೆ 7ರೊಳಗೆ ನನ್ನ ಕೈ ಸೇರಲಿ. ಒಂದು ಚೌಕ ಖಾಲಿ ಇದ್ದರೂ ಆ ಪತ್ರ ಸೋಮವಾರದ ಕಟ್ಟಿನಲ್ಲಿ ಇರುವುದಿಲ್ಲ.

ಕಾರ್ಯದರ್ಶಿ