ಮೆಕ್ಕೆಜೋಳದ ಲೆಕ್ಕಕ್ಕೆ ಒಂದು ಕ್ವೆರಿ ಬೇಕಿತ್ತು

ತಮ್ಮಾ, ಆರಾಮ ಇದ್ದೀಯಾ? ಅಮ್ಮನ ಕಾಲು ನೋವು ಈಗ ಹೇಗಿದೆ?

ನಾನು ಎಪಿಎಂಸಿ ಯಾರ್ಡಿನ ದಲ್ಲಾಳಿ ಅಂಗಡಿಯಲ್ಲಿ ಲೆಕ್ಕ ಬರೆಯೋದು ನಿನಗೆ ಗೊತ್ತಲ್ಲ. ಈಗ ಮೆಕ್ಕೆಜೋಳದ ಸೀಸನ್. ಜಗಳೂರು, ಹರಿಹರ, ಹೊನ್ನಾಳಿ ಕಡೆಯಿಂದ ಟ್ರ್ಯಾಕ್ಟರ್ ಬರ್ತಾನೇ ಇವೆ. ನಿನ್ನಿಂದ ಒಂದು ಎಸ್‌ಕ್ಯೂಎಲ್ ಕ್ವೆರಿ ಆಗಬೇಕಿತ್ತು.

ನಮ್ಮ ಸಾಫ್ಟ್‌ವೇರಿನಲ್ಲಿ ರೈತರದ್ದು ಒಂದು ಟೇಬಲ್ ಇದೆ, ಆವಕದ್ದು ಒಂದು, ಪಾವತಿದು ಇನ್ನೊಂದು. ಮುಂಗಡ ಕೊಟ್ಟಿದ್ದು ಬೇರೆ ಟೇಬಲ್ಲಿನಲ್ಲಿದೆ ಅಂತ ಕಾಣುತ್ತೆ. ಹೋದ ವರ್ಷದ ಆವಕ `avaka_old` ಅನ್ನೋ ಹೆಸರಲ್ಲಿದೆ, ಅದೂ ಬೇಕಾಗಬಹುದು. ಇವನ್ನೆಲ್ಲ ಸೇರಿಸಿ ಲೆಕ್ಕ ಸರಿಯಾಗಿ ಬರೋ ಹಾಗೆ ಒಂದು ಕ್ವೆರಿ ಬರೆದುಕೊಡು. ನಾನು ಹೀಗೆ ಹಾಕಿ ನೋಡಿದೆ:

```sql
SELECT * FROM raita, avaka, pavati;
```

ಸಾಲುಗಳು ನಿಲ್ಲದೆ ಬರ್ತಾ ಹೋದವು. ಕೊನೆಗೆ ಕಂಪ್ಯೂಟರೇ ಅಲ್ಲಾಡದೆ ನಿಂತುಬಿಟ್ಟಿತು.

ಸಾಫ್ಟ್‌ವೇರಿನಲ್ಲೇ ಇರೋ ರಿಪೋರ್ಟ್ ನಂಬೋ ಹಾಗಿಲ್ಲ. ಬಿಳಿಚೋಡು ಕಡೆಯ ಅಜ್ಜ ಒಬ್ಬರು ಮೊದಲ ಸಲ 40 ಕ್ವಿಂಟಲ್ ತಂದರು, ಆಮೇಲೆ 35 ತಂದರು. ಒಟ್ಟು 75. ದುಡ್ಡನ್ನು ಮೂರು ಕಂತಲ್ಲಿ ಒಯ್ದರು. ರಿಪೋರ್ಟಿನಲ್ಲಿ ಅವರ ಹೆಸರಿನ ಮುಂದೆ 225 ಕ್ವಿಂಟಲ್ ಅಂತ ಬಂತು! ಒಂದೇ ಸಲ ಮಾಲು ತಂದು ಒಂದೇ ಸಲ ದುಡ್ಡು ಒಯ್ದವರದ್ದು ಮಾತ್ರ ಸರಿಯಾಗಿದೆ. ಕಂತು ಜಾಸ್ತಿ ಆದ ಕಡೆಯೆಲ್ಲ ತೂಕ ಏರುತ್ತೆ. ತೂಕದ ಚೀಟಿ ಅಜ್ಜನ ಜೇಬಿನಲ್ಲೇ ಇತ್ತು, ಮಡಚಿ ಮಡಚಿ ಅಂಚು ಹರಿದಿತ್ತು. ಅದನ್ನು ಬಿಡಿಸಿ ತೋರಿಸಿ, "ನಂದು ಇಷ್ಟೇ ಕಣಮ್ಮ, ಜಾಸ್ತಿ ಬರ್ಕೋಬೇಡ" ಅಂದರು. ಅಂಥವರ ಲೆಕ್ಕದಲ್ಲಿ ಒಂದು ರೂಪಾಯಿ ಆಚೀಚೆ ಆಗಬಾರದು ಅಲ್ವಾ?

ಬಾಕಿ ಇನ್ನೂ ಒಯ್ಯದೇ ಇರೋರು ತುಂಬಾ ಜನ ಇದ್ದಾರೆ. ಅವರೂ ಬಿಟ್ಟುಹೋಗಬಾರದು. ತೇವಾಂಶ ಜಾಸ್ತಿ ಅಂತ ಕಡಿತ ಮಾಡಿದ್ದು, ಹಮಾಲಿ, ಚೀಲದ ತೂಕ ಎಲ್ಲಾ ಆವಕದ ಟೇಬಲ್ಲಿನಲ್ಲೇ ಇರಬೇಕು. ಒಂದೇ ಹೆಸರಿನವರು ಆನಗೋಡಿನಲ್ಲೇ ನಾಲ್ಕು ಜನ ಇದ್ದಾರೆ, ಅದನ್ನು ಸ್ವಲ್ಪ ನೋಡ್ಕೊ.

ಸದ್ಯಕ್ಕೆ ಹಾಳೆ ಮೇಲೆ ಕೂಡಿಸಿ ಕಳೆದು ಕೊಡ್ತಾ ಇದ್ದೀನಿ. ಸಂಜೆ ಟೆಂಡರ್ ಮುಗಿದ ಮೇಲೆ ಅಂಗಡಿ ಮುಂದೆ ಸಾಲು ನಿಲ್ಲುತ್ತೆ. ದೂರದ ಊರಿನವರಿಗೆ ಕೊನೇ ಬಸ್ಸು ತಪ್ಪುತ್ತೆ. ನೋಡಿದರೆ ಹೊಟ್ಟೆ ಉರಿಯುತ್ತೆ.

ನಿನಗೆ ಆಫೀಸಿನ ಕೆಲಸವೇ ಸಾಕಷ್ಟಿರುತ್ತೆ, ಗೊತ್ತು. ಆದರೂ ಶನಿವಾರದೊಳಗೆ ಕಳಿಸಿದರೆ ಸೋಮವಾರದ ಪಾವತಿಗೆ ಅದನ್ನೇ ಹಾಕ್ತೀನಿ. ಏನಾದರೂ ಕೇಳೋದಿದ್ದರೆ ರಾತ್ರಿ ಒಂಬತ್ತರ ಮೇಲೆ ಫೋನ್ ಮಾಡು, ಅಷ್ಟೊತ್ತಿಗೆ ಮನೆಗೆ ಬಂದಿರ್ತೀನಿ.

ನಿನ್ನ ಅಕ್ಕ