335-ಇ

ದೊಮ್ಮಲೂರು ಸ್ಟಾಪು. ಎಂಟು ನಲವತ್ತು.
ಒಂದು 335-ಇ ಬಂತು, ಹೋಯಿತು.
ಸೀಟೂ ಇತ್ತು. ನಾನು ಹತ್ತಲಿಲ್ಲ.
ಕಂಡಕ್ಟರು ಬಾಗಿಲಿಗೆ ಜೋತುಬಿದ್ದು
"ಮಾರತ್ತಳ್ಳಿ, ಕಾಡುಗೋಡಿ, ಬನ್ನಿ ಬನ್ನಿ" ಅಂದ.
ಬೇರೆ ನಂಬರಿಗೆ ಕಾಯುವವನ ಹಾಗೆ
ದೂರಕ್ಕೆ ಕಣ್ಣು ನೆಟ್ಟೆ.

ಅವರು ಬರುವುದು ಒಳರಸ್ತೆಯಿಂದ,
ಎಳನೀರಿನ ಗಾಡಿ ಬಳಸಿಕೊಂಡು.
(ಮನಸ್ಸಿನಲ್ಲೂ 'ಅವರು' ಎಂದೇ,
'ಅವಳು' ಅನ್ನುವಷ್ಟು ಸಲುಗೆ
ನನಗೆ ನಾನೇ ಕೊಟ್ಟುಕೊಂಡಿಲ್ಲ.)
ಕೈಯಲ್ಲೊಂದು ನೀಲಿ ಕೊಡೆ,
ಮುರಿದ ಕಡ್ಡಿಗೆ ಕಪ್ಪು ದಾರ
ಸುತ್ತಿ ಸುತ್ತಿ ಗಂಟು ಹಾಕಿದ್ದಾರೆ.
ಹೊಸದು ಕೊಳ್ಳಲಿಲ್ಲವಲ್ಲ,
ಅದೇ ಇಷ್ಟವಾಯಿತು ಮೊದಲು.

ಆಮೇಲೆ ಇಷ್ಟವಾದದ್ದು
ಹೂವಿನ ಅಜ್ಜಿಗೆ ಅವರು ಕೊಡುವ ಉತ್ತರ.
ಬರುವ ಬಸ್ಸಿಗೆಲ್ಲ ಅಜ್ಜಿಯದು ಒಂದೇ ಪ್ರಶ್ನೆ:
"ಇದು ಮಾರತ್ತಳ್ಳಿಗೆ ಹೋಯ್ತದೇನವ್ವಾ?"
ನಾವೆಲ್ಲ ಮೊಬೈಲಿಗೆ ತಲೆ ಬಗ್ಗಿಸಿದಾಗ
ಅವರು ಬೋರ್ಡು ನೋಡಿ ಹೇಳುತ್ತಾರೆ,
"ಇಲ್ಲಜ್ಜಿ, ಇದಲ್ಲ."
ಏಳನೇ ಸಲವೂ ಮೊದಲನೇ ಸಲದ ದನಿ.
ನಮ್ಮದು ಬಂದಾಗ ಬುಟ್ಟಿಗೆ ಕೈ ಹಾಕುತ್ತಾರೆ,
ಒದ್ದೆ ಬಟ್ಟೆಯಿಂದ ನೀರು ತೊಟ್ಟಿಕ್ಕಿ
ಅವರ ಚಪ್ಪಲಿ ನೆನೆಯುತ್ತದೆ.

ಒಮ್ಮೆ, ಒಂದೇ ಒಂದು ಸಲ,
ನೂಕುನುಗ್ಗಲಲ್ಲಿ ಪಕ್ಕದಲ್ಲೇ ನಿಂತಿದ್ದರು.
ಟಿಕೆಟಿಗೆಂದು ಆಧಾರ್ ಕಾರ್ಡು ತೆಗೆದರು,
ನನ್ನ ಮೂಗಿನ ಕೆಳಗೇ.
ಹೆಸರು ಓದಬಹುದಿತ್ತು.
ಆರು ತಿಂಗಳಿಂದ ಗೊತ್ತಿಲ್ಲದ ಹೆಸರು,
ಅಚ್ಚ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ.
ಕಿಟಕಿಯಾಚೆ ಹೋಗುತ್ತಿದ್ದ
ಗ್ಯಾಸ್ ಲಾರಿಯ ಸಿಲಿಂಡರು ಎಣಿಸಿದೆ.
ಅವರೇ ಹೇಳಬೇಕು ಅದನ್ನ. ಹೇಳದಿದ್ದರೆ ಇಲ್ಲ.

ಅವರಿಗೆ ಸೊನ್ನೆ ಟಿಕೆಟ್ಟು.
ನನ್ನದರ ಹಿಂದೆ ಕಂಡಕ್ಟರು
ಬಾಕಿ ಚಿಲ್ಲರೆ ಗೀಚಿಕೊಡುತ್ತಾನೆ.
ಎಚ್‌ಎಎಲ್‌ನಲ್ಲಿ ಅವರು ಇಳಿದು
ಕೊಡೆ ಬಿಚ್ಚುವುದನ್ನು ನೋಡುತ್ತ ನೋಡುತ್ತ
ನನ್ನ ಸ್ಟಾಪಿನಲ್ಲಿ ಇಸಿದುಕೊಳ್ಳುವುದೇ ಮರೆಯುತ್ತೇನೆ.
ಸಾರಿಗೆ ಸಂಸ್ಥೆಗೆ ಹೀಗೆ
ನನ್ನಿಂದ ಸಾಕಷ್ಟು ಲಾಭವಾಗಿದೆ.

ಇವತ್ತು ಒಂಬತ್ತು ಗಂಟೆ, ಒಂಬತ್ತು ಹತ್ತು.
ಎರಡನೇ 335-ಇ ಕೂಡ ಹೋಯಿತು.
ಎಳನೀರಿನವನು ಬುರುಡೆಗಳ ರಾಶಿಗೆ
ಗೋಣಿ ಹೊದಿಸಿದ.
ಜ್ವರವೋ, ರಜೆಯೋ, ಮನೆಯೇ ಬದಲಾಯಿಸಿದರೋ.
ಕೇಳೋಣವೆಂದರೆ ಯಾರನ್ನ,
ಏನೆಂದು ಕೇಳೋದು?

ಅಜ್ಜಿ ಎಲೆಯಡಿಕೆ ಉಗಿದು ಬಂದು
ಪಕ್ಕದ ಕಲ್ಲಿನ ಮೇಲೆ ಕೂತಳು.
"ಬರ್ನಿಲ್ವಲ್ಲಪ್ಪಾ ಇವತ್ತು, ನಿನ್ ಕೊಡೆ ಹುಡುಗಿ?"

"ಯಾವ ಹುಡುಗಿ ಅಜ್ಜಿ?"

ಅಜ್ಜಿ ನನ್ನ ಮುಖವನ್ನೇ ನೋಡಿದಳು,
ಕೆಂಪು ಬಾಯಿ ತುಂಬ ನಕ್ಕಳು.
"ಸರಿ ಬುಡು. ಬುಟ್ಟಿ ಎತ್ತು.
ಬತ್ತಾ ಅದೆ ನೋಡು, ಅದು ಮಾರತ್ತಳ್ಳಿಗೆ ಹೋಯ್ತದಾ?"