ತುಸು ಹೊತ್ತು: ಧ್ಯಾನದ ಆ್ಯಪ್ ಮೊದಲ ಸಲ ತೆರೆದಾಗ

ನಮಸ್ಕಾರ

ದಿನಕ್ಕೆ ಮೂರು ನಿಮಿಷ ಸುಮ್ಮನೆ ಕುಳಿತುಕೊಳ್ಳಲು ಬಯಸುವವರಿಗಾಗಿ ಈ ಆ್ಯಪ್ ಇದೆ. ಖಾತೆ ತೆರೆಯಬೇಕಾಗಿಲ್ಲ, ಫೋನ್ ನಂಬರ್ ಕೊಡಬೇಕಾಗಿಲ್ಲ.

[ಮುಂದೆ]

ಯಾವಾಗ ಕೂರುತ್ತೀರಿ?

ಈಗಾಗಲೇ ದಿನವೂ ತಪ್ಪದೆ ಮಾಡುವ ಒಂದು ಕೆಲಸದ ಜೊತೆಗೆ ಧ್ಯಾನವನ್ನು ಸೇರಿಸಿಕೊಂಡರೆ, ಗಡಿಯಾರ ನೋಡುವ ಗೊಡವೆಯಿಲ್ಲದೆ ಅದು ರೂಢಿಯಾಗುತ್ತದೆ. ಬೆಳಿಗ್ಗೆ ಫಿಲ್ಟರಿಗೆ ಬಿಸಿನೀರು ಸುರಿದ ಮೇಲೆ ಡಿಕಾಕ್ಷನ್ ಹನಿಹನಿಯಾಗಿ ಇಳಿಯುವವರೆಗೆ ಹೇಗೂ ಕಾಯಲೇಬೇಕಲ್ಲವೇ, ಆ ಹೊತ್ತಿನಲ್ಲಿ ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತರೂ ಸಾಕು. (ಪಕ್ಕದ ಒಲೆಯ ಮೇಲೆ ಹಾಲಿಟ್ಟಿದ್ದರೆ ಮಾತ್ರ ಬೇಡ.)

[ಕಾಫಿಗೆ ಮೊದಲು]
[ಸ್ನಾನವಾದ ಮೇಲೆ]
[ರಾತ್ರಿ ಹಾಸಿಗೆ ಹಾಸಿದ ಮೇಲೆ]
[ಆಮೇಲೆ ಹೇಳುತ್ತೇನೆ]

ಕೂರುವ ಬಗೆ

ಪದ್ಮಾಸನ ಬರಬೇಕೆಂದಿಲ್ಲ, ಕುರ್ಚಿಯಲ್ಲಿ ಬೆನ್ನು ನೆಟ್ಟಗಿಟ್ಟು, ಪಾದಗಳನ್ನು ನೆಲಕ್ಕೆ ಊರಿ ಕುಳಿತುಕೊಳ್ಳಿ. ಒಳಗೆ ಹೋಗುವ ಉಸಿರು ಮೂಗಿನ ಹೊಳ್ಳೆಯಲ್ಲಿ ತುಸು ತಣ್ಣಗೆ, ಹೊರಗೆ ಬರುವ ಉಸಿರು ತುಸು ಬೆಚ್ಚಗೆ ತಾಕುವುದನ್ನು ಗಮನಿಸುತ್ತಿದ್ದರಾಯಿತು, ಅದನ್ನು ಬಿಗಿಹಿಡಿಯುವುದಾಗಲಿ ಎಳೆಯುವುದಾಗಲಿ ಬೇಡ. ಮೂರು ನಿಮಿಷದಲ್ಲಿ ಸುಮಾರು ನಲವತ್ತು ಸಲ ಉಸಿರಾಡುತ್ತೀರಿ. ನಾಲ್ಕನೆಯದಕ್ಕೇ ಮನಸ್ಸು ಕಟ್ಟದೆ ಉಳಿದ ಕರೆಂಟ್ ಬಿಲ್ಲಿನ ಕಡೆಗೆ ಹೋದರೆ, ಹೋದದ್ದು ತಿಳಿದ ಕೂಡಲೇ ಮತ್ತೆ ಉಸಿರಿನತ್ತ ಮರಳಿ. ಅಭ್ಯಾಸವೆಂದರೆ ಹೀಗೆ ಮರಳುವುದೇ.

ಕಣ್ಣು ಮುಚ್ಚಿದಾಗ ಕಳವಳ ಹೆಚ್ಚಾದರೆ ಕಣ್ಣು ತೆರೆದು ನಿಲ್ಲಿಸಿಬಿಡಿ. ಕಳವಳ ದಿನಗಟ್ಟಲೆ ಕಾಡುತ್ತಿದ್ದರೆ ವೈದ್ಯರನ್ನು ಕಾಣಿರಿ, ಅಥವಾ ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್‌ಗೆ 14416ರಲ್ಲಿ ಕರೆಮಾಡಿ. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.

[ತಿಳಿಯಿತು]

ನೆನಪಿಸಬೇಕೇ?

ಬೇಕೆಂದರೆ ದಿನಕ್ಕೆ ಒಂದೇ ಸಲ, ಸದ್ದಿಲ್ಲದೆ, “ಕೂರುವ ಹೊತ್ತು” ಎಂಬ ಎರಡು ಪದಗಳು ಪರದೆಯ ಮೇಲೆ ಬರುತ್ತವೆ. ಮೂರು ದಿನ ನೀವು ಅದನ್ನು ಮುಟ್ಟದಿದ್ದರೆ, ನಿಮಗೆ ಬೇಡವಾಗಿದೆ ಎಂದು ತಿಳಿದು ಆ್ಯಪ್ ತಾನಾಗಿಯೇ ಅದನ್ನು ನಿಲ್ಲಿಸುತ್ತದೆ, ಏಕೆ ಬರಲಿಲ್ಲವೆಂದು ವಿಚಾರಿಸುವುದಿಲ್ಲ. “ಬೇಡ” ಎಂದು ಒತ್ತಿದವರನ್ನು ಮತ್ತೆ ಕೇಳುವುದೂ ಇಲ್ಲ.

[ಒಂದು ಸಲ ನೆನಪಿಸಿ]
[ಬೇಡ]

ತಪ್ಪಿದ ದಿನಗಳು

ಮನೆಯಲ್ಲಿ ಮದುವೆ, ಮಗುವಿಗೆ ಜ್ವರ, ರಾತ್ರಿ ಬಸ್ಸಿನ ಪ್ರಯಾಣ ಎಂದು ದಿನಗಳು ತಪ್ಪುತ್ತವೆ. ಆದ್ದರಿಂದಲೇ ಎಷ್ಟು ದಿನ ಬಿಡದೆ ಕುಳಿತಿರಿ ಎಂಬ ಲೆಕ್ಕವನ್ನು ಇಲ್ಲಿ ಇಟ್ಟಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಮಂದಿಯನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನ ಪ್ರಕಾರ, ಒಂದು ಕೆಲಸ ರೂಢಿಯಾಗಲು ಹಿಡಿಯುವ ಕಾಲ 18 ದಿನಗಳಿಂದ 254 ದಿನಗಳವರೆಗೆ ಒಬ್ಬೊಬ್ಬರಿಗೆ ಒಂದೊಂದು ಬಗೆಯಾಗಿರುತ್ತದೆ. ನಡುವೆ ಒಂದು ದಿನ ತಪ್ಪಿದ್ದರಿಂದ ರೂಢಿಗೆ ಹೇಳಿಕೊಳ್ಳುವಂಥ ಧಕ್ಕೆಯೇನೂ ಆಗಿರಲಿಲ್ಲ. ತಿಂಗಳು ಬಿಟ್ಟು ತೆರೆದರೂ ನಿಮಗೆ ಕಾಣುವುದು ಇದೇ ಪರದೆ, ಇದೇ ಮೂರು ನಿಮಿಷ.

[ಈಗಲೇ ಕೂರುತ್ತೇನೆ]
[ನಾಳೆ ನೋಡೋಣ]